ಮುಂದಿನ ಪಾಯಿಂಟಿಗೆ ಎಷ್ಟು ಗಂಟೆ? ಅಲ್ಟ್ರಾ ಓಟದ ಕ್ರೂ, ಪೇಸರ್ ಮತ್ತು ಕೈಗೆ ಕೊಡುವ ಚೀಲದ ಲೆಕ್ಕ

ನಮ್ಮ ಭಾವನಿಗೆ ಐವತ್ತರ ಹತ್ತಿರ ಓಟದ ಹುಚ್ಚು ಹಿಡಿಯಿತು. ಮ್ಯಾರಥಾನ್ ಆಯಿತು, 50 ಕಿಲೋಮೀಟರ್ ಆಯಿತು. ಕೊನೆಗೆ ಒಂದು ಜನವರಿಯಲ್ಲಿ ಶಿವಮೊಗ್ಗದಿಂದ ಆಗುಂಬೆಗೆ ಓಡ್ತೀನಿ ಅಂದರು. ಸಕ್ರೆಬೈಲು, ಮಂಡಗದ್ದೆ, ಮಾಳೂರು, ತೀರ್ಥಹಳ್ಳಿ, ಮೇಗರವಳ್ಳಿ ದಾಟಿ ಆಗುಂಬೆ. ದುಂಡು ಲೆಕ್ಕದಲ್ಲಿ 93 ಕಿಲೋಮೀಟರ್. ಅದು ರೇಸ್ ಅಲ್ಲ, ಮನೆಯವರು ಸೇರಿ ಮಾಡಿಕೊಂಡ ಓಟ. ಬೇಕೆಂದಲ್ಲಿ ಕಾರು ನಿಲ್ಲಿಸಬಹುದಿತ್ತು. ಆದರೆ ಮುಂದೆ ನಿಜವಾದ ರೇಸಿಗೆ ಅಭ್ಯಾಸ ಆಗಲಿ ಅಂತ ದಾರಿಯಲ್ಲಿ ಐದೇ ಕಡೆ ಭೇಟಿ ಎಂದು ನಿಯಮ ಹಾಕಿಕೊಂಡೆವು. ಅಕ್ಕ ಮತ್ತು ನಾನು ಕ್ರೂ. ಪಕ್ಕದ ಮನೆ ಹುಡುಗ ತೀರ್ಥಹಳ್ಳಿಯಿಂದ ಪೇಸರ್.

ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಟ್ರಾ ಅಂದರೆ ಮ್ಯಾರಥಾನ್‌ಗಿಂತ ಉದ್ದದ ಓಟ. ಕ್ರೂ ಅಂದರೆ ಗೊತ್ತುಮಾಡಿದ ಜಾಗಗಳಲ್ಲಿ ಕಾದು, ನೀರು, ಊಟ, ಬಟ್ಟೆ, ಲೈಟು ಕೊಡುವವರು. ಪೇಸರ್ ಅಂದರೆ ಓಟದ ಉತ್ತರಾರ್ಧದಲ್ಲಿ ಜೊತೆಗೆ ಓಡುವವನು. ಇಬ್ಬರಿಗೂ ಏನು ಮಾಡಬಹುದು ಅನ್ನೋದು ರೇಸಿನಿಂದ ರೇಸಿಗೆ ಬದಲಾಗುತ್ತದೆ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿಯಲ್ಲಿ ಸುಮಾರು 62ನೇ ಮೈಲಿಯ ಫಾರೆಸ್ಟ್‌ಹಿಲ್‌ನಿಂದ ಪೇಸರ್ ಸೇರಿಕೊಳ್ಳಬಹುದು. ಯುರೋಪಿನ ಯುಟಿಎಂಬಿ ಎಂಬ ಬೆಟ್ಟದ ಓಟದಲ್ಲಿ ಪೇಸರ್ ಇಲ್ಲವೇ ಇಲ್ಲ, ಕ್ರೂ ಕೂಡ ಗುರುತಿಸಿದ ಜಾಗದಲ್ಲಿ ಮಾತ್ರ. ಪೇಸರ್ ಓಟಗಾರನ ಸಾಮಾನು ಹೊರುವುದಕ್ಕೆ ಹೆಚ್ಚಿನ ಕಡೆ ನಿಷೇಧ, ಅಮೆರಿಕದ ಲೆಡ್‌ವಿಲ್ ರೇಸಿನಲ್ಲಿ ಅದು ಸರಿ. ಆದ್ದರಿಂದ ಮೊದಲ ಹೆಜ್ಜೆ ರೇಸಿನ ನಿಯಮ ಓದುವುದು. ನಾವು ಕಠಿಣ ನಿಯಮವನ್ನೇ ಹಿಡಿದೆವು: ಪೇಸರ್ ಭಾವನ ಬಾಟಲಿ ಹೊರುವ ಹಾಗಿಲ್ಲ.

ಕಿಲೋಮೀಟರ್ ಬಿಡಿ, ಗಂಟೆ ಹಿಡಿಯಿರಿ

ಹೊಸ ಕ್ರೂ ಮಾಡುವ ಮೊದಲ ತಪ್ಪು ಎಲ್ಲ ಪಾಯಿಂಟಿಗೂ ಒಂದೇ ತರಹದ ಚೀಲ ಕಟ್ಟುವುದು. ಓಡುತ್ತಲೇ ನುಂಗುವ ಸಿಹಿ ಪೇಸ್ಟಿನ ಪೊಟ್ಟಣ, ಅಂದರೆ ಜೆಲ್, ಎರಡು; ಒಂದು ಬಾಳೆಹಣ್ಣು, ಒಂದು ಬಾಟಲಿ, ಮುಗೀತು. ಆದರೆ ಒಂದು ಪಾಯಿಂಟಿನಲ್ಲಿ ಕೊಟ್ಟದ್ದು ಮುಂದಿನ ಪಾಯಿಂಟಿನವರೆಗೆ ಸಾಕಾಗಬೇಕು ಅಲ್ವಾ? ಬೆಳಗಿನ ಜಾವದ 15 ಕಿಲೋಮೀಟರಿಗೂ ಮಧ್ಯಾಹ್ನದ 15 ಕಿಲೋಮೀಟರಿಗೂ ತಾಸಿನ ಲೆಕ್ಕದಲ್ಲಿ ವ್ಯತ್ಯಾಸ ಇದೆ. ಹೊಟ್ಟೆಗೆ ಕಿಲೋಮೀಟರ್ ಗೊತ್ತಾಗಲ್ಲ, ಗಂಟೆ ಗೊತ್ತಾಗುತ್ತದೆ.

ಅದಕ್ಕೆ ಮೊದಲು ಒಂದು ಹಾಳೆಯಲ್ಲಿ ಪಾಯಿಂಟುಗಳನ್ನು ಬರೆದು, ಪ್ರತಿ ಹಂತಕ್ಕೆ ಅಂದಾಜು ಸಮಯ ಹಾಕಿ. ನಮ್ಮದು ಹೀಗಿತ್ತು. ಬೆಳಗಿನ 4 ಗಂಟೆಗೆ ಶಿವಮೊಗ್ಗ ಬಿಡುವುದು. ಸಕ್ರೆಬೈಲು 5:50ಕ್ಕೆ, ಮಂಡಗದ್ದೆ 8:05ಕ್ಕೆ, ಮಾಳೂರು 10:20ಕ್ಕೆ, ತೀರ್ಥಹಳ್ಳಿ 12:50ಕ್ಕೆ. ಅಲ್ಲಿ ಕಾಲು ಗಂಟೆ ನಿಂತು 1:05ಕ್ಕೆ ಬಿಡುವುದು. ಆಮೇಲಿನ 20 ಕಿಲೋಮೀಟರಿಗೆ 3 ಗಂಟೆ 20 ನಿಮಿಷ, ಅಂದರೆ ಮೇಗರವಳ್ಳಿ 4:25ಕ್ಕೆ. ಆಗುಂಬೆ ಸಂಜೆ 7ಕ್ಕೆ.

ಇದರ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ: ನಿಧಾನದ ಸಮಯ. ಪ್ರತಿ ಹಂತಕ್ಕೆ ಐದನೇ ಒಂದು ಭಾಗ ಸೇರಿಸಿ. 3 ಗಂಟೆ 20 ನಿಮಿಷ 4 ಗಂಟೆ ಆಗುತ್ತದೆ. ಚೀಲ ಕಟ್ಟುವುದು ಈ ನಿಧಾನದ ಸಮಯಕ್ಕೆ. ಓಟಗಾರ ಬೇಗ ಬಂದರೆ ಎರಡು ಜೆಲ್ ಉಳಿಯುತ್ತದೆ, ಅಷ್ಟೇ. ತಡವಾದರೆ ಮಾತ್ರ ಕೊರತೆಯ ತೊಂದರೆ. ಓಟ ಕೆಡುವುದು ತಡವಾಗುವ ದಿನವೇ.

ಈ ಎರಡನೇ ಸಾಲಿನಿಂದ ನಮಗೆ ಸಿಕ್ಕಿದ ದೊಡ್ಡ ಲಾಭ ಹೆಡ್‌ಲ್ಯಾಂಪಿನದು. ಜನವರಿಯಲ್ಲಿ ಇಲ್ಲಿ ಸಂಜೆ ಆರೂಕಾಲು, ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಮೊದಲ ಸಾಲು ನೋಡಿದರೆ ಮೇಗರವಳ್ಳಿಗೆ 4:25, ಬೆಳಕು ಬೇಕಾದಷ್ಟಿದೆ, ಲೈಟು ಅಲ್ಲಿ ಕೊಟ್ಟರೆ ಸಾಕು ಅನ್ನಿಸುತ್ತದೆ. ನಾನು ಹಾಗೇ ಬರೆದಿದ್ದೆ. ಅಕ್ಕ ಎರಡನೇ ಸಾಲು ಕೂಡಿಸಿ ನೋಡಿದಳು. ನಿಧಾನವಾದರೆ ತೀರ್ಥಹಳ್ಳಿ ಬಿಡುವುದೇ ಮೂರಕ್ಕೆ ಸ್ವಲ್ಪ ಮುಂಚೆ, ಮೇಗರವಳ್ಳಿ ಮುಟ್ಟುವುದು ಏಳರ ಹತ್ತಿರ. ಅಂದರೆ ಲಾರಿ ಓಡಾಡುವ ರಸ್ತೆಯಲ್ಲಿ ಕತ್ತಲಲ್ಲಿ ಲೈಟಿಲ್ಲದೆ ಭಾವ. "ಲೈಟು ತೀರ್ಥಹಳ್ಳಿಯಲ್ಲೇ ಕೊಡಬೇಕು ಕಣೋ" ಅಂದಳು. ಮಧ್ಯಾಹ್ನ ಒಂದು ಗಂಟೆಯ ಬಿಸಿಲಲ್ಲಿ ಹೆಡ್‌ಲ್ಯಾಂಪ್ ಕೊಡುವುದು ನೋಡಿದವರಿಗೆ ತಮಾಷೆ. ಆದರೆ ನಿಯಮ ಸರಿ: ನಿಧಾನದ ಲೆಕ್ಕದಲ್ಲಿ ಕತ್ತಲು ಯಾವ ಹಂತದಲ್ಲಿ ಬೀಳುತ್ತದೋ, ಆ ಹಂತ ಶುರುವಾಗುವ ಪಾಯಿಂಟಿನಲ್ಲೇ ಲೈಟು ಮತ್ತು ಹೊಳೆಯುವ ಜಾಕೆಟ್ ಕೈಗೆ ಹೋಗಬೇಕು.

ಒಂದು ಚೀಲದಲ್ಲಿ ಎಷ್ಟು ಊಟ

ದೂರದ ಓಟಕ್ಕೆ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಸಾಮಾನ್ಯ ಗುರಿ. ಹೊಟ್ಟೆ ಪಳಗಿದವರು 90ರ ತನಕ ಹೋಗುತ್ತಾರೆ. ಭಾವ ತಿಂಗಳುಗಟ್ಟಲೆ ಭಾನುವಾರದ ಓಟದಲ್ಲಿ ಅಭ್ಯಾಸ ಮಾಡಿದ್ದು 60ಕ್ಕೆ. ಬಿಸಿಲು ಏರಿದಾಗ 50 ಸಾಕು ಎಂದು ಇಟ್ಟುಕೊಂಡೆವು. ಇಷ್ಟು ಗೊತ್ತಿದ್ದರೆ ಚೀಲದ ಲೆಕ್ಕ ಕಿರಾಣಿ ಲೆಕ್ಕದ ಹಾಗೆ.

ಒಂದು ಜೆಲ್‌ನಲ್ಲಿ ಸುಮಾರು 25 ಗ್ರಾಂ. ಒಂದು ಏಲಕ್ಕಿ ಬಾಳೆಹಣ್ಣಿನಲ್ಲಿ 12ರಿಂದ 15. ಅಂಗೈ ತುಂಬುವ ಬೇಯಿಸಿದ ಆಲೂಗಡ್ಡೆಯಲ್ಲಿ 25ರ ಆಸುಪಾಸು. 50 ಗ್ರಾಂ ಅಕ್ಕಿಯ ಗಂಜಿ ಕುಡಿದರೆ 40. ಕುಡಿಯುವುದನ್ನು ನಾವೇ ಕಲಸಿಕೊಂಡೆವು: ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಆ ಕಾಲು ಚಮಚ ಉಪ್ಪಿನಲ್ಲಿ 600 ಮಿಲಿಗ್ರಾಂನಷ್ಟು ಸೋಡಿಯಂ ಇರುತ್ತದೆ.

ಸಕ್ರೆಬೈಲಿನ ಚೀಲ ನೋಡಿ. ಮಂಡಗದ್ದೆಗೆ ಅಂದಾಜು 2 ಗಂಟೆ 10 ನಿಮಿಷ, ನಿಧಾನಕ್ಕೆ ಎರಡೂವರೆ ಗಂಟೆ. ಬೇಕಾದ್ದು 150 ಗ್ರಾಂ. ಒಂದು ಲೀಟರ್ ನಿಂಬೆ ಪಾನಕದಿಂದ 60, ಎರಡು ಜೆಲ್‌ನಿಂದ 50, ಎರಡು ಬಾಳೆಹಣ್ಣಿನಿಂದ 27 ಅನ್ನಿ. ಹತ್ತಿರ ಹತ್ತಿರ 140. ಸಾಕು. ಹತ್ತು ಗ್ರಾಂಗೆ ತಲೆ ಕೆಡಿಸಿಕೊಳ್ಳುವ ಕೆಲಸ ಇದಲ್ಲ.

ಪ್ರತಿ ಹಂತಕ್ಕೂ ಒಂದು ಜಿಪ್ ಕವರ್. ಮೇಲೆ ಕಾಗದದ ಟೇಪ್ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ "ಸಕ್ರೆಬೈಲು ಬಿಟ್ಟ ಮೇಲೆ" ಎಂದು ಬರೆಯಿರಿ. ಸುಮ್ನೆ "ಸಕ್ರೆಬೈಲು" ಎಂದು ಬರೆದರೆ, ಬೆಳಗಿನ ಜಾವ ಕಾರಿನ ಡಿಕ್ಕಿಯಲ್ಲಿ ಹುಡುಕುವಾಗ ಇದು ಅಲ್ಲಿಯವರೆಗಿನದೋ ಅಲ್ಲಿಂದ ಮುಂದಿನದೋ ಎಂಬ ಗೊಂದಲ ಗ್ಯಾರಂಟಿ. ನೀರು ಮಾತ್ರ ಕವರಿನ ಲೆಕ್ಕಕ್ಕೆ ಬೇಡ. ಬಾಯಾರಿದಷ್ಟು ಕುಡಿಯಲಿ. ಖಾಲಿ ಬಾಟಲಿ ಎಷ್ಟು ಬಂತು ಎಂದು ನೋಡಿ ತುಂಬಿದರೆ ಸಾಕು.

ಕವರಿನ ಹೊರಗೆ ಇನ್ನೊಂದು ಬುಟ್ಟಿ ಇರಲಿ. ಅದರಲ್ಲಿ ಇರುವುದು ಕೇಳಿದರೆ ಕೊಡುವಂಥದ್ದು: ಉಪ್ಪು ಮಜ್ಜಿಗೆ, ಅಪ್ಪೆಮಿಡಿ ಉಪ್ಪಿನಕಾಯಿ, ಶುಂಠಿ, ಕೋಲಾ, ಹಾಲು ಹಾಕದ ಕಾಫಿ. ಅಪ್ಪೆಮಿಡಿ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಆದರೆ ಆರು ಗಂಟೆ ಸಿಹಿ ತಿಂದ ಬಾಯಿಗೆ ಅದರ ಒಂದು ಚೂರು ಏನು ಮಾಡುತ್ತದೆ ಅನ್ನೋದು ನಾನು ಕಣ್ಣಾರೆ ನೋಡಿದ್ದೇನೆ.

ಐದು ನಿಮಿಷದ ನಿಲ್ಲುವಿಕೆ

ಓಟಗಾರ ಬರುವ ಮುಂಚೆ ರಸ್ತೆಯ ಪಕ್ಕ ಒಂದು ಟವೆಲ್ ಹಾಸಿ, ಸಾಮಾನು ಕೊಡುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡಿ. ಬಂದ ಕೂಡಲೇ ಮೊದಲ ಕೆಲಸ ತೆಗೆದುಕೊಳ್ಳುವುದು, ಕೊಡುವುದಲ್ಲ. ಖಾಲಿ ಬಾಟಲಿ, ಕಸ, ಉಳಿದ ಜೆಲ್, ಬೇಡವಾದ ಟೋಪಿ, ಎಲ್ಲ ಹೊರಗೆ. ಆಮೇಲೆ ತುಂಬಿದ ಬಾಟಲಿ, ಹೊಸ ಕವರ್. ಹಳೆಯದು ತೆಗೆಯದೆ ಹೊಸದು ತುರುಕಿದರೆ ಬೆನ್ನಿನ ಚೀಲ ಉಬ್ಬಿ ಓಡುವಾಗ ಉಜ್ಜುತ್ತದೆ. ಜೊತೆಗೆ ಅವರು ಏನು ತಿಂದಿದ್ದಾರೆ ಎಂಬುದೂ ತಿಳಿಯದೇ ಹೋಗುತ್ತದೆ.

ಈ ಎರಡನೆಯದು ಮುಖ್ಯ. ಜೆಲ್‌ನ ಖಾಲಿ ಕವರುಗಳನ್ನು ಎಣಿಸಿ. ಓಟಗಾರನ ಮಾತು ನಂಬಬೇಡಿ. ಸುಳ್ಳು ಹೇಳುತ್ತಾರೆ ಅಂತಲ್ಲ, ಅವರಿಗೆ ನೆನಪಿರಲ್ಲ. ಎಂಟು ಗಂಟೆ ಓಡಿದವರಿಗೆ ಬೆಳಗ್ಗೆ ತಿಂದ ಜೆಲ್ಲೂ ಈಗ ತಿಂದ ಜೆಲ್ಲೂ ಒಂದೇ.

ಇಬ್ಬರು ಕ್ರೂ ಇದ್ದರೆ ಒಬ್ಬರು ಬಾಟಲಿ ಮತ್ತು ಚೀಲ, ಇನ್ನೊಬ್ಬರು ಕಾಲು ಮತ್ತು ಮಾತು. ಮಾತಾಡುವವರು ಒಬ್ಬರೇ. "ಏನು ಬೇಕು?" ಎಂದು ಕೇಳಬೇಡಿ. ಉತ್ತರ "ಏನೂ ಬೇಡ" ಎಂದೇ ಬರುತ್ತದೆ. ಅಕ್ಕ ಕೇಳುತ್ತಿದ್ದುದು, "ರೀ, ಗಂಜಿ ಈಗ ಕುಡೀತೀರೋ, ಆಲೂಗಡ್ಡೆ ತಿಂತಾ ನಡೀತೀರೋ?" ಎರಡರಲ್ಲಿ ಒಂದು ಆರಿಸುವಷ್ಟು ತಲೆ ಯಾವಾಗಲೂ ಓಡುತ್ತದೆ.

ಮಂಡಗದ್ದೆ, ಮಾಳೂರಿನಲ್ಲಿ ನಾಲ್ಕು ನಿಮಿಷದೊಳಗೆ ಮುಗಿಯಿತು, ಹೇಳುವಂಥದ್ದೇನಿಲ್ಲ. ಸಕ್ರೆಬೈಲಿನ ಕಥೆ ಮಾತ್ರ ಹೇಳಬೇಕು. ಭಾವ 20 ನಿಮಿಷ ಮೊದಲೇ ಬಂದರು. ನಾವು ಕಾರಿಗೆ ಬೀಗ ಹಾಕಿ ಟೀ ಅಂಗಡಿ ಹುಡುಕಿಕೊಂಡು ಹೋಗಿದ್ದೆವು! ಅಂದಿನಿಂದ ಅಂದಾಜು ಸಮಯಕ್ಕಿಂತ 45 ನಿಮಿಷ ಮುಂಚೆ ಟವೆಲ್ ಹಾಸಿರಬೇಕು, ಇಬ್ಬರಲ್ಲಿ ಒಬ್ಬರು ಅಲ್ಲೇ ಇರಬೇಕು ಎಂಬುದು ನಮ್ಮ ಮನೆಯ ಕಾನೂನು.

ತೀರ್ಥಹಳ್ಳಿ: ಚೀಟಿ ಬದಲಾದ ಜಾಗ

ಪೇಟೆಯ ಗಲಾಟೆ ದಾಟಿ ಆಗುಂಬೆ ರಸ್ತೆಯ ಬದಿ, ನೆರಳಿರುವ ಕಡೆ ನಿಂತಿದ್ದೆವು. ಭಾವ ಬಂದದ್ದು 1:20ಕ್ಕೆ, ಅರ್ಧ ಗಂಟೆ ತಡ. ಮಾಳೂರಿನಲ್ಲಿ ಮೂರು ಜೆಲ್ ಕೊಟ್ಟಿದ್ದೆವು. ವಾಪಸ್ ಬಂದದ್ದು ಒಂದು ಖಾಲಿ ಕವರ್, ಎರಡು ಪೂರ್ತಿ ಜೆಲ್. ಪಾನಕ ಖಾಲಿ. ಅಂದರೆ 2 ಗಂಟೆ 50 ನಿಮಿಷಕ್ಕೆ 85 ಗ್ರಾಂ, ಗಂಟೆಗೆ 30. ಬಿಸಿಲಿನ ಗುರಿ 50ಕ್ಕೆ ಬಹಳ ಕಡಿಮೆ. "ಎಲ್ಲ ತಿಂದೆ ಕಣೇ" ಅಂತಲೇ ಇದ್ದರು.

ಇಲ್ಲಿ ಕ್ರೂ ಬೀಳುವ ಗುಂಡಿ ಒಂದಿದೆ. ಕೊರತೆ ತುಂಬಿಸಲು ಇನ್ನೂ ಜಾಸ್ತಿ ಜೆಲ್ ಕೊಡುವುದು. ತಿನ್ನದವರಿಗೆ ಅದನ್ನೇ ಇನ್ನಷ್ಟು ಕೊಟ್ಟರೆ ತಿಂದಾರೆಯೇ? ಹೊಟ್ಟೆ ತೊಳೆಸುತ್ತಿತ್ತು, ಸಿಹಿ ಸೇರುತ್ತಿರಲಿಲ್ಲ. ಬಿಸಿಲಲ್ಲಿ ರಕ್ತ ಚರ್ಮದ ಕಡೆ, ಕಾಲಿನ ಕಡೆ ಹೋಗುತ್ತದೆ, ಹೊಟ್ಟೆಯ ಪಾಲು ಕಡಿಮೆಯಾಗುತ್ತದೆ. ಮೊದಲು ತಣಿಸಬೇಕು, ಆಮೇಲೆ ತಿನ್ನಿಸಬೇಕು. ಒದ್ದೆ ಬೈರಾಸು ಕುತ್ತಿಗೆಗೆ ಹಾಕಿ ನೆರಳಲ್ಲಿ ಕೂರಿಸಿದೆವು. ಐದು ನಿಮಿಷ ಬಿಟ್ಟು ಉಪ್ಪು ಹಾಕಿದ ತೆಳು ಗಂಜಿ, ಅಪ್ಪೆಮಿಡಿಯ ಜೊತೆ, ಗುಟುಕು ಗುಟುಕಾಗಿ.

ಆ ಹೊತ್ತಿನಲ್ಲಿ ತೂಕ ನೋಡಿದೆವು. ಮನೆಯ ಸ್ನಾನದ ಕೋಣೆಯ ತಕ್ಕಡಿ ಕಾರಿನಲ್ಲೇ ಇತ್ತು. ಬೆಳಗ್ಗೆ 68, ಈಗ 66.4. ನೂರಕ್ಕೆ ಎರಡೂಕಾಲರಷ್ಟು ಇಳಿಕೆ. ಇದು ಸರಿಯಾದ ಇಳಿಕೆ, ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ತೂಕ ಏರಿದರೆ. ಏರಿದೆ ಅಂದರೆ ಅಗತ್ಯಕ್ಕಿಂತ ಜಾಸ್ತಿ ನೀರು ಒಳಗಿದೆ, ರಕ್ತದ ಸೋಡಿಯಂ ತೆಳುವಾಗುತ್ತಿರಬಹುದು. ಬೆರಳು ಊದಿ ಉಂಗುರ, ವಾಚಿನ ಪಟ್ಟಿ ಬಿಗಿಯಾಗುವುದು ಅದರ ಗುರುತು. ಜೊತೆಗೆ ತಲೆನೋವು, ವಾಂತಿ, ತೊದಲು ಮಾತು ಬಂದರೆ ಓಟ ಅಲ್ಲಿಗೆ ನಿಲ್ಲಬೇಕು. ಬರಿ ನೀರು ಕುಡಿಸದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತು: ಮಂಡಿ ನೋವಿಗೆ ಐಬುಪ್ರೊಫೆನ್ ತರಹದ ಮಾತ್ರೆ ಕ್ರೂ ಪೆಟ್ಟಿಗೆಯಲ್ಲಿ ಇಡಬೇಡಿ. ಬೆವತು ಒಣಗಿದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಪೆಟ್ಟಿಗೆಯಲ್ಲಿ ಇದ್ದರೆ ಕೇಳುತ್ತಾರೆ, ಕೇಳಿದರೆ ಕೊಟ್ಟುಬಿಡುತ್ತೀರಿ.

ಅಷ್ಟರಲ್ಲಿ ನಾನು ಕಾಲು ನೋಡುತ್ತಿದ್ದೆ. ಕಾಲುಚೀಲ ಬಿಚ್ಚಿ, ಒರೆಸಿ, ಬೆರಳ ಸಂದಿಗೆ ವ್ಯಾಸಲೀನ್, ಒಣ ಕಾಲುಚೀಲ, ಅರ್ಧ ಸೈಜ್ ದೊಡ್ಡ ಶೂ. ಇಷ್ಟು ಹೊತ್ತಿಗೆ ಪಾದ ಊದಿರುತ್ತದೆ, ಬೆಳಗಿನ ಶೂ ಬಿಗಿಯಾಗುತ್ತದೆ. ಕೆಂಪಗಾದ ಜಾಗಕ್ಕೆ ಬೊಬ್ಬೆ ಏಳುವ ಮೊದಲೇ ಟೇಪ್ ಹಾಕಬೇಕು.

ಮುಂದಿನ ಹಂತಕ್ಕೆ ಮೊದಲು ಕಟ್ಟಿದ್ದ ಕವರಿನಲ್ಲಿ ಮೂರು ಜೆಲ್, ಐದು ಖರ್ಜೂರ, ಒಂದು ಆಲೂಗಡ್ಡೆ ಇತ್ತು. ಲೀಟರ್ ಪಾನಕ ಸೇರಿ 190 ಗ್ರಾಂ. ಅಕ್ಕ ಅದನ್ನು ಬಿಚ್ಚಿ ಎರಡು ಜೆಲ್ ತೆಗೆದಳು. ಅರ್ಧ ಲೀಟರ್ ಪಾನಕದ ಬದಲು ಗ್ಯಾಸ್ ಬಿಟ್ಟ ಕೋಲಾ ತುಂಬಿದಳು. ಬಾಟಲಿ ಕುಲುಕಿ ಮುಚ್ಚಳ ತೆಗೆದಿಟ್ಟರೆ ಗ್ಯಾಸ್ ಹೋಗುತ್ತದೆ. ಈಗ ಲೆಕ್ಕ: ಅಲ್ಲೇ ಕುಡಿದ ಗಂಜಿ 40, ಕೋಲಾ 53, ಅರ್ಧ ಲೀಟರ್ ಪಾನಕ 30, ಆಲೂಗಡ್ಡೆ 27, ಖರ್ಜೂರ 30, ಜೆಲ್ 25. ಒಟ್ಟು 205. ನಾಲ್ಕು ಗಂಟೆಗೆ ಗಂಟೆಗೆ 50. ಗುರಿ ಬದಲಾಗಲಿಲ್ಲ, ರುಚಿ ಬದಲಾಯಿತು. ಇದರ ಜೊತೆ ಅರ್ಧ ಲೀಟರ್ ಬರಿ ನೀರು, ಹೆಡ್‌ಲ್ಯಾಂಪ್, ಹೊಳೆಯುವ ಜಾಕೆಟ್, ಐವತ್ತರ ಒಂದು ನೋಟು. ದಾರಿಯ ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳಲು. ಬಿಟ್ಟದ್ದು 1:42ಕ್ಕೆ.

ಪೇಸರ್‌ಗೂ ಒಂದು ಕೈಬದಲು ಇದೆ

ಕ್ರೂ ಓಟಗಾರನಿಗೆ ಊಟ ಕೊಡುತ್ತದೆ, ಪೇಸರ್‌ಗೆ ಸುದ್ದಿ ಕೊಡಬೇಕು. ನಾಲ್ಕೇ ವಿಷಯ: ಕೊನೆಗೆ ಏನು ಯಾವಾಗ ತಿಂದರು, ಕೊನೆಗೆ ಯಾವಾಗ ಮೂತ್ರಕ್ಕೆ ಹೋದರು, ಚೀಲದಲ್ಲಿ ಏನೇನಿದೆ, ಕಾಲಿನಲ್ಲಿ ಎಲ್ಲಿ ತೊಂದರೆ. ನಮ್ಮ ಹುಡುಗನಿಗೆ ಅಕ್ಕ ಇದನ್ನು ಭಾವನಿಗೆ ಕೇಳದ ಹಾಗೆ ಪಕ್ಕಕ್ಕೆ ಕರೆದು ಹೇಳಿದಳು.

ಪೇಸರ್‌ನ ಗಡಿಯಾರದಲ್ಲಿ 25 ನಿಮಿಷಕ್ಕೊಮ್ಮೆ ಅಲಾರಂ. ಅದು ಬಡಿದಾಗ "ತಿಂತೀರಾ ಅಂಕಲ್?" ಅಲ್ಲ, "ಅಂಕಲ್, ಆಲೂಗಡ್ಡೆ ಅರ್ಧ ತಿನ್ನಿ." ಬಾಯಿಗೆ ಹೋಗುವ ತನಕ ಕಾಯಬೇಕು. ಹೆದ್ದಾರಿಯಲ್ಲಿ ಎದುರಿನಿಂದ ವಾಹನ ಬರುವ ಬದಿಯಲ್ಲಿ, ಒಬ್ಬರ ಹಿಂದೊಬ್ಬರು. ನಮ್ಮ ಹುಡುಗ ಕಾಲೇಜಿನ ಓಟಗಾರ, ಕಾಲು ಹಗುರ. ಮೊದಲ ಎರಡು ಕಿಲೋಮೀಟರ್ ಮುಂದೆ ಮುಂದೆ ಓಡಿದ. ಭಾವ ಅವನನ್ನು ಹಿಡಿಯಲು ಹೋಗಿ ಉಸಿರು ಕಟ್ಟಿ, ಗಂಜಿ ಮತ್ತೆ ಬಾಯಿಗೆ ಬಂತಂತೆ. ಆಮೇಲೆ ಹುಡುಗ ಎರಡು ಹೆಜ್ಜೆ ಹಿಂದಕ್ಕೆ ಬಂದ, ವೇಗ ಭಾವನ ಕೈಗೆ ಬಿಟ್ಟ. ಏರಿನಲ್ಲಿ ನಡೆಸಿದ. ಓಟಗಾರ ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ ವೇಗ ಜಾಸ್ತಿ ಎಂದೇ ಅರ್ಥ.

ಆ ಕಡೆ ಮೊಬೈಲ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಅದಕ್ಕೆ ಸಿಗ್ನಲ್ ಸಿಕ್ಕಲ್ಲೆಲ್ಲ ಒಂದೇ ಸಾಲಿನ ಮೆಸೇಜ್ ಕಳಿಸಲು ಹೇಳಿದ್ದೆವು. ಅವನಿಂದ ಬಂದದ್ದು ಒಂದೇ:

```
4:20 ಹೊಟ್ಟೆ ಸುಮಾರು. ಕೋಲಾ ಖಾಲಿ. ಜೆಲ್ ಬೇಡವಂತೆ. ಚಳಿ ಇಲ್ಲ.
```

ಇಷ್ಟು ಸಾಕಿತ್ತು. ಮೇಗರವಳ್ಳಿಯ ಕವರಿನಿಂದ ಜೆಲ್ ಎಲ್ಲ ತೆಗೆದೆವು. ಇನ್ನೊಂದು ಅರ್ಧ ಲೀಟರ್ ಕೋಲಾದ ಗ್ಯಾಸ್ ಬಿಡಿಸಿದೆವು, ಗಂಜಿ ಬಿಸಿ ಮಾಡಿದೆವು. ಭಾವ 5:35ಕ್ಕೆ ಬರುವಾಗ ಎಲ್ಲ ಟವೆಲ್ ಮೇಲಿತ್ತು. ಅಲ್ಲಿ ಹೊಸದಾಗಿ ಕೊಟ್ಟದ್ದು ಒಣ ಬನಿಯನ್, ಗಾಳಿ ತಡೆಯುವ ಜಾಕೆಟ್, ಹೆಡ್‌ಲ್ಯಾಂಪಿಗೆ ಬದಲಿ ಬ್ಯಾಟರಿ. ಒದ್ದೆ ಬನಿಯನ್‌ನಲ್ಲಿ ನಿಧಾನ ನಡೆದರೆ ಜನವರಿಯ ರಾತ್ರಿ ಬೇಗ ನಡುಕ ಹತ್ತುತ್ತದೆ. ಓಡುವಾಗ ಹುಟ್ಟುವ ಶಾಖ ನಡೆಯುವಾಗ ಇರಲ್ಲ.

ಮಳೆಗಾಲದ ಓಟಕ್ಕೆ ಈ ಚೀಟಿ ನಡೆಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಕಾಲುಚೀಲ ಪ್ರತಿ ಪಾಯಿಂಟಿಗೂ ಒಂದು ಜೊತೆ, ಎಲ್ಲವೂ ಎರಡು ಪದರದ ಪ್ಲಾಸ್ಟಿಕ್ಕಿನಲ್ಲಿ. ತೋಟದ ದಾರಿಯಾದರೆ ಇಂಬಳಕ್ಕೆ ಉಪ್ಪಿನ ಪೊಟ್ಟಣ ಬೇರೆ.

ಆಗುಂಬೆ ಮುಟ್ಟಿದ್ದು ರಾತ್ರಿ 8:35ಕ್ಕೆ. ಕೊನೆಯ ಚೀಲವನ್ನೂ ಮೊದಲೇ ಕಟ್ಟಿಡಬೇಕು, ಬಹಳ ಜನ ಮರೆಯುತ್ತಾರೆ: ಶಾಲು, ಹವಾಯಿ ಚಪ್ಪಲಿ, ಉಪ್ಪಿಟ್ಟು, ಬಿಸಿ ಕಷಾಯದ ಫ್ಲಾಸ್ಕ್. ಭಾವ ಕಾರಿನ ಹಿಂದಿನ ಸೀಟಿನಲ್ಲಿ ಕಷಾಯ ಹಿಡಿದೇ ನಿದ್ದೆ ಹೋದರು. ಅಕ್ಕ ಡಿಕ್ಕಿಯ ಲೈಟಿನಲ್ಲಿ ವಾಪಸ್ ಬಂದ ಸಾಮಾನು ಎಣಿಸಿ ಚೀಟಿಯ ಹಿಂದೆ ಬರೆದಳು. ಜೆಲ್ 7 ಉಳಿದಿದೆ, ಖರ್ಜೂರ 5 ಹಾಗೇ ಇದೆ, ಗಂಜಿ ಸಾಲಲಿಲ್ಲ, ಅಪ್ಪೆಮಿಡಿ ಖಾಲಿ.